ಪಾಡ್ಯದ ತಾರೀಖು

ಶುಕ್ರವಾರ ಸಂಜೆ ಐದು ಗಂಟೆ ಎಂದರೆ ನನಗೆ ಇವತ್ತಿಗೂ ಆಗಿಬರುವುದಿಲ್ಲ. ಮನೆಯಲ್ಲಿ ಯಾರಾದರೂ ಗಡಿಯಾರ ನೋಡಿ ‘ಐದಾಯ್ತು’ ಅಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ, ಅವರೇನು ಆ ಕಿಟಕಿಯ ಮುಂದೆ ನಿಂತಿದ್ದರೇ?

ಎಪ್ಪತ್ತರ ದಶಕದ ಮಾತು. ಈಗ ಸಂಭಾಜಿನಗರ ಅನ್ನುವ ಊರು ಆಗ ಔರಂಗಾಬಾದ್. ಅಲ್ಲಿನ ಒಂದು ಸಂಸ್ಥೆಯಲ್ಲಿ ನಾನು ಇತಿಹಾಸದ ಎಂ.ಎ. ಓದುತ್ತಿದ್ದೆ, ಹುಡುಗಿಯರ ಹಾಸ್ಟೆಲಿನಲ್ಲಿ ಇರುತ್ತಿದ್ದೆ. ನಮ್ಮ ಮನೆ ನಾಸಿಕ್‌ನಲ್ಲಿ. ಅಪ್ಪ ಬೀದರ್ ಕಡೆಯವರು; ಕಲಬುರಗಿಯ ತೊಗರಿಬೇಳೆ ತರಿಸಿ ನಾಸಿಕ್‌ನಲ್ಲಿ ಮಾರುವ ಅಂಗಡಿ. ನಿಜಾಮನ ಕಾಲದಲ್ಲಿ ಏಳನೇ ಇಯತ್ತೆವರೆಗೆ ಉರ್ದುವಿನಲ್ಲಿ ಕಲಿತವರು. ಮಾತು ಕನ್ನಡ, ವ್ಯಾಪಾರ ಮರಾಠಿ, ಬರೆಯಲು ಬರುತ್ತಿದ್ದದ್ದು ಮಾತ್ರ ಉರ್ದು. ಹಾಸ್ಟೆಲಿಗೆ ಕಾಗದ ಬರೆಯುತ್ತಿದ್ದವಳು ಅವ್ವ, ಕನ್ನಡದಲ್ಲಿ.

ನಾವು ಸೇರುವ ಹೊತ್ತಿಗೆ ನಮ್ಮ ಸಂಸ್ಥೆಯಲ್ಲಿ ಹೊಸ ಪದ್ಧತಿ ಬಂದಿತ್ತು. ವರ್ಷಕ್ಕೊಂದು ಪರೀಕ್ಷೆ ಹೋಗಿ ಸೆಮಿಸ್ಟರು, ಅಂಕ ಹೋಗಿ ಗ್ರೇಡು, ಪ್ರತಿ ವಿಷಯಕ್ಕೂ ಇಷ್ಟಿಷ್ಟು ಕ್ರೆಡಿಟ್ಟು. ಮುಖ್ಯ ವಿಷಯಗಳ ಜೊತೆಗೆ ಒಂದು ಐಚ್ಛಿಕ ವಿಷಯ, ನಮಗೆ ಬೇಕಾದದ್ದು, ತೆಗೆದುಕೊಳ್ಳಬೇಕು. ಎಲ್ಲರೂ ಜಾಣರು, ಸುಲಭದ್ದು ಆರಿಸಿದರು. ನಾನು ಮೂರನೇ ಸೆಮಿಸ್ಟರಿನಲ್ಲಿ ಫಾರ್ಸಿ ಆರಿಸಿದೆ. ಯಾಕೆ ಅಂತ ಕೇಳಿದರೆ, ಜಂಬ. ದಖನ್ನಿನ ಇತಿಹಾಸದ ಮೇಲೆ ಸಂಶೋಧನೆ ಮಾಡುವವಳು ನಾನು, ದೌಲತಾಬಾದ್ ಕೋಟೆಯ ಕಲ್ಲಿನ ಮೇಲಿನ ಬರಹ ಓದಲು ಬರದಿದ್ದರೆ ಹೇಗೆ ಅಂತ ಎಲ್ಲರೆದುರು ಭಾಷಣ ಬಿಗಿದಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಫಾರ್ಸಿ ಮೇಷ್ಟ್ರು ಹಳೆಯ ಕಾಲದ ಹಿರಿಯರು, ಶೇರ್ವಾನಿ ಬಿಟ್ಟು ಬೇರೆ ಉಡುಪಿನಲ್ಲಿ ನಾನು ಅವರನ್ನು ನೋಡಲೇ ಇಲ್ಲ. ಅವರು ಮಾತಾಡುತ್ತಿದ್ದದ್ದು ದಖನಿ ಹಿಂದಿ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ಅಂಕಿ ಕಲಿಸಿದರು, ಎರಡನೇ ದಿನ ಅಕ್ಷರ. ಮೂರನೇ ವಾರಕ್ಕೆ ಒಂದು ಹಳೆಯ ಸನದಿನ, ಅಂದರೆ ಸುಲ್ತಾನರ ಕಾಲದ ಇನಾಮು ಪತ್ರದ, ನಕಲು ಮುಂದೆ ಹಿಡಿದು ‘ಓದಿ’ ಅಂದರು. ಒಂದು ಅಕ್ಷರದಿಂದ ಇನ್ನೊಂದನ್ನು ಬೇರ್ಪಡಿಸುವ ಚುಕ್ಕೆಗಳೇ ಇಲ್ಲದ ಓಟದ ಬರವಣಿಗೆ. ಜೊತೆಗೆ ಕೂತಿದ್ದ ಉಳಿದ ಹುಡುಗರಲ್ಲಿ ಹೆಚ್ಚಿನವರು ಮನೆಯಲ್ಲೇ ಉರ್ದು ಕಲಿತವರು, ಲಿಪಿ ಒಂದೇ ಆದ್ದರಿಂದ ಪಟಪಟ ಓದಿದರು. ಓದಲು ಬರದವರು ಇಬ್ಬರೇ: ನಾನು, ಮತ್ತು ನನ್ನದೇ ಎಂ.ಎ. ತರಗತಿಯ ಒಬ್ಬ ಹುಡುಗ. ಅವನೂ ನನ್ನಂತೆ ಜಂಬಕ್ಕೆ ಸೇರಿಕೊಂಡವನು.

ನಾಲ್ಕನೇ ವಾರ ಕಿರುಪರೀಕ್ಷೆ ಆಯಿತು. ಮರುವಾರ ಮಂಗಳವಾರ ಬೆಳಿಗ್ಗೆ ಫಲಿತಾಂಶ ಹಚ್ಚಿದರು. ನಲವತ್ತಕ್ಕೆ ನನಗೆ ಒಂಬತ್ತು.

ನಾನು ಹುಟ್ಟಿದ ಮೇಲೆ ಯಾವ ಪರೀಕ್ಷೆಯಲ್ಲೂ ಒಂಬತ್ತು ತೆಗೆದವಳಲ್ಲ. ಬೋರ್ಡಿನ ಮುಂದೆ ನಿಂತು ಬೇರೆ ಯಾರದೋ ಸಾಲು ನೋಡಿದ್ದೇನೆ ಅಂತ ಬೆರಳಿಟ್ಟು ಎರಡು ಸಲ ಓದಿದೆ. ಸಿಟ್ಟು ಬಂತು, ಮೇಷ್ಟ್ರ ಮೇಲೆ, ಸನದಿನಲ್ಲಿ ಚುಕ್ಕೆ ಇಡದ ಆ ಸತ್ತುಹೋದ ಕಾರಕೂನನ ಮೇಲೆ, ಕೊನೆಗೆ ನನ್ನ ಮೇಲೆ.

ಸಿಟ್ಟಿನ ಹಿಂದೆ ಇದ್ದದ್ದು ಹೆದರಿಕೆ. ನಮ್ಮ ವಿಭಾಗದಲ್ಲಿ ಪಿಎಚ್.ಡಿ.ಗೆ ವಿದ್ಯಾರ್ಥಿವೇತನ ಸಮೇತ ಇದ್ದದ್ದು ಒಂದೇ ಒಂದು ಸ್ಥಾನ, ನಾಲ್ಕು ಸೆಮಿಸ್ಟರಿನ ಸರಾಸರಿ ಯಾರದು ಮೇಲಿರುತ್ತದೋ ಅವರಿಗೆ. ಅಲ್ಲಿಯವರೆಗೆ ಮೇಲಿದ್ದವಳು ನಾನು. ನನ್ನ ಹಿಂದೆಯೇ, ಕೂದಲೆಳೆಯಷ್ಟು ಹಿಂದೆ, ಆ ಹುಡುಗ. ಅಪ್ಪನ ಜೊತೆ ಒಪ್ಪಂದ ಆಗಿತ್ತು. ಸ್ಥಾನ ಸಿಕ್ಕರೆ ಓದು. ಸಿಗದಿದ್ದರೆ ನಾಸಿಕ್‌ನಲ್ಲಿ ನಮ್ಮ ಓಣಿಯಿಂದ ಎರಡು ಓಣಿ ಆಚೆ ಇರುವ ಕನ್ಯಾಶಾಲೆಯಲ್ಲಿ ಶಿಕ್ಷಕಿಯ ಕೆಲಸ. ಅಲ್ಲಿನ ಮುಖ್ಯಾಧ್ಯಾಪಕಿ ಬಾಯಿಯವರು ಆಗಲೇ ಒಪ್ಪಿಯೂ ಇದ್ದರು. ಐದನೇ ಇಯತ್ತೆಯ ಹುಡುಗಿಯರಿಗೆ ಮೂವತ್ತು ವರ್ಷ ಗೋದಾವರಿಯ ಉಪನದಿಗಳ ಹೆಸರು ಬಾಯಿಪಾಠ ಮಾಡಿಸುತ್ತಾ ಕೂರುವ ನನ್ನನ್ನು ನಾನೇ ನೋಡಿದ ಹಾಗಾಯಿತು.

ಅದೇ ಬೋರ್ಡಿನ ಮೂಲೆಯಲ್ಲಿ ಇನ್ನೊಂದು ಸೂಚನೆ ಇತ್ತು. ಎರಡು ವಾರದಿಂದ ಇತ್ತಂತೆ, ನಾನು ಮೂಸಿಯೂ ನೋಡಿರಲಿಲ್ಲ. ಒಂದೇ ಒಂದು ಐಚ್ಛಿಕ ವಿಷಯವನ್ನು ಗ್ರೇಡು ಇಲ್ಲದೆ ಓದಲು ಅರ್ಜಿ ಹಾಕಬಹುದು. ದಾರಿ ಎರಡು. ಒಂದು ಪಾಸ್-ಫೇಲ್: ಪರೀಕ್ಷೆ ಬರೆಯಬೇಕು, ಪಾಸಾದರೆ ಕ್ರೆಡಿಟ್ಟು ಸಿಗುತ್ತದೆ, ಗ್ರೇಡು ಮಾತ್ರ ಸರಾಸರಿಗೆ ಸೇರುವುದಿಲ್ಲ. ಇನ್ನೊಂದು ಆಡಿಟ್: ತಪ್ಪದೆ ತರಗತಿಗೆ ಬಂದು ಕೂರಬೇಕು, ಪರೀಕ್ಷೆ ಇಲ್ಲ, ಗ್ರೇಡಿಲ್ಲ, ಕ್ರೆಡಿಟ್ಟೂ ಇಲ್ಲ. ಕಾರಣವನ್ನು ಸ್ವಂತ ಕೈಬರಹದಲ್ಲಿ ಬರೆಯಬೇಕು. ವಿಷಯದ ಅಧ್ಯಾಪಕರ ಸಹಿ, ವಿಭಾಗದ ಮುಖ್ಯಸ್ಥರ ಸಹಿ ಆಗಬೇಕು. ಐದನೇ ವಾರದ ಶುಕ್ರವಾರ ಸಂಜೆ ಐದರೊಳಗೆ ಶೈಕ್ಷಣಿಕ ಶಾಖೆಗೆ ಮುಟ್ಟಬೇಕು. ಆಮೇಲೆ ಯಾವ ಬದಲಾವಣೆಯೂ ಇಲ್ಲ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ: ಹಾಸ್ಟೆಲಿನ ವಿದ್ಯಾರ್ಥಿನಿಯರು ಪಾಲಕರ ಸಹಿ, ತಾರೀಖಿನ ಸಮೇತ, ಹಾಕಿಸಿ ತರತಕ್ಕದ್ದು.

ವಿದ್ಯಾರ್ಥಿನಿಯರು! ಹುಡುಗರಿಗೆ ಬೇಡ. ಇಪ್ಪತ್ತೆರಡು ವರ್ಷದ ನಾನು ಏನು ಓದಬೇಕು ಅನ್ನುವುದಕ್ಕೆ ಅಪ್ಪನ ಸಹಿ, ನನಗಿಂತ ಎರಡು ತಿಂಗಳು ಚಿಕ್ಕವನಾದ ಆ ಹುಡುಗನಿಗೆ ಯಾರದ್ದೂ ಬೇಡ. ಅವನು ಅದೇ ಮಂಗಳವಾರ ಮಧ್ಯಾಹ್ನ ಫಾರಂ ತಂದು, ತುಂಬಿ, ಎರಡು ಸಹಿ ಹಾಕಿಸಿ, ಕೊಟ್ಟು, ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಕೂತಿದ್ದ. ‘ಪಾಸ್-ಫೇಲ್ ಮಾಡಿಬಿಟ್ಟೆ, ತಲೆನೋವು ಹೋಯಿತು’ ಅಂದ. ಆ ಚಹಾ ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

ನಾನು ಫಾರಂನಲ್ಲಿ ಮೊದಲು ಗುರುತು ಹಾಕಿದ್ದು ಆಡಿಟ್‌ಗೆ. ಪರೀಕ್ಷೆಯೇ ಇಲ್ಲವಲ್ಲ, ಇನ್ನೇನು ಬೇಕು? ಕಾರಣ: ‘ವಿಷಯ ತುಂಬಾ ಕಷ್ಟ’. ತೆಗೆದುಕೊಂಡು ಮೇಷ್ಟ್ರ ಕೋಣೆಗೆ ಹೋದೆ. ಅವರು ಕನ್ನಡಕ ಏರಿಸಿ ಓದಿದರು.

‘ಬೇಟಿ, ಇದು ಕಾರಣವಲ್ಲ, ದೂರು. ಕಷ್ಟ ಎಲ್ಲರಿಗೂ ಕಷ್ಟವೇ. ನಿನಗೇ ಯಾಕೆ ಕಷ್ಟ, ಅದನ್ನು ಬರೆ.’

‘ಉಳಿದವರು ಮನೆಯಲ್ಲಿ ಲಿಪಿ ಕಲಿತಿದ್ದಾರೆ, ನಾನು ಇಲ್ಲಿಗೆ ಬಂದು ಕಲಿತೆ, ಒಂದೇ ತರಗತಿಯಲ್ಲಿ ಇಬ್ಬರನ್ನೂ ಒಂದೇ ಗ್ರೇಡಿನಲ್ಲಿ ಅಳೆದರೆ ಹೇಗೆ ಸರ್?’ ನನ್ನ ದನಿ ಜೋರಾಗಿತ್ತು.

‘ಹಾಂ. ಈಗ ಹೇಳಿದೆಯಲ್ಲ, ಅದನ್ನೇ ಬರೆ. ಸ್ವಲ್ಪ ಮೆತ್ತಗೆ ಬರೆ.’ ಆಮೇಲೆ ಆಡಿಟ್ ಗುರುತಿನ ಮೇಲೆ ಬೆರಳಿಟ್ಟರು. ‘ಇದು ಬೇಡ. ಇದು ಮದುವೆಗೆ ಬಂದು ಊಟ ಮಾಡದೆ ಹೋಗುವ ಲೆಕ್ಕ. ಕ್ರೆಡಿಟ್ಟು ಸಿಗುವುದಿಲ್ಲ, ಮೂರು ಕಡಿಮೆ ಬೀಳುತ್ತದೆ. ಕೊನೆಯ ಸೆಮಿಸ್ಟರಿನಲ್ಲಿ ಪ್ರಬಂಧವೂ ಬರೆದು, ಹೆಚ್ಚಿನ ಒಂದು ವಿಷಯವನ್ನೂ ಹೊರುತ್ತೀಯಾ?’

‘ಪಾಸ್-ಫೇಲ್ ತೆಗೆದುಕೊಂಡು ಫೇಲಾದರೆ?’

‘ಪಾಸಾಗಲು ನೂರಕ್ಕೆ ನಲವತ್ತು. ಅಷ್ಟು ನಾನು ನಿನಗೆ ಕಲಿಸಲಾರೆನಾ?’ ಅವರಿಗೆ ನಿಜಕ್ಕೂ ಬೇಜಾರಾಗಿತ್ತು.

ಹೊಸ ಫಾರಂ ತಂದೆ. ಹಾಸ್ಟೆಲಿನಲ್ಲಿ ಕೂತು ಕಾರಣವನ್ನು ನಾಲ್ಕು ಸಲ ಬರೆದೆ. ಕೊನೆಗೆ ಉಳಿದದ್ದು ಇಷ್ಟು: ಈ ಲಿಪಿಯ ಪೂರ್ವಪರಿಚಯ ನನಗಿಲ್ಲ, ನನ್ನ ಸಂಶೋಧನೆಗೆ ಈ ಭಾಷೆ ಬೇಕಾದ್ದರಿಂದ ವಿಷಯ ಬಿಡಲು ಇಚ್ಛೆಯಿಲ್ಲ, ಹಾಗಾಗಿ ಗ್ರೇಡು ಇಲ್ಲದೆ, ಪಾಸ್-ಫೇಲ್ ಆಧಾರದ ಮೇಲೆ ಮುಂದುವರಿಸಲು ಅನುಮತಿ ಕೊಡಬೇಕು. ಬುಧವಾರ ಬೆಳಿಗ್ಗೆ ಮೇಷ್ಟ್ರು ಸಹಿ ಹಾಕಿದರು, ಮುಖ್ಯಸ್ಥರು ತಲೆಯೆತ್ತದೆ ಸಹಿ ಹಾಕಿದರು. ಉಳಿದದ್ದು ಅಪ್ಪನ ಸಹಿ. ಅಂಚೆಗೆ ಹಾಕಿದರೆ ಹೋಗಿ ಬರುವ ಹೊತ್ತಿಗೆ ಶುಕ್ರವಾರ ದಾಟುತ್ತದೆ. ಮಧ್ಯಾಹ್ನದ ಎಸ್.ಟಿ. ಬಸ್ಸು ಹತ್ತಿದೆ.

ನಾಸಿಕ್‌ನಲ್ಲಿ ಮಳೆ. ಸಂಜೆ ಮನೆಗೆ ಮುಟ್ಟಿದರೆ ಅಪ್ಪ ಇಲ್ಲ. ಮಾಲಿನ ಕೆಲಸಕ್ಕೆ ಸಿನ್ನರ್‌ಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಅಂದಳು ಅವ್ವ. ಗುರುವಾರ ಬೆಳಗಿನಿಂದ ನಾನು ಬಾಗಿಲು, ಅಂಗಡಿ, ಬಾಗಿಲು ಅಂತ ಸುತ್ತಿದ್ದೇ ಸುತ್ತಿದ್ದು. ‘ಕಾಲ ಸುಟ್ಟ ಬೆಕ್ಕಿನಂಗ ಯಾಕ ತಿರಗತಿ? ಒಂದ ಕಡಿ ಕುಂದ್ರಬಾರದೇನ?’ ಅಂದಳು ಅವ್ವ. ಕೂರಲಿಕ್ಕಾಗಲಿಲ್ಲ. ಅಪ್ಪ ಬಂದದ್ದು ಮಧ್ಯಾಹ್ನ ಮೂರರ ಮೇಲೆ. ಕಾಲು ತೊಳೆಯುವ ಮೊದಲೇ ಫಾರಂ ಮುಂದೆ ಹಿಡಿದೆ.

‘ಅಪ್ಪಾ, ಇಲ್ಲೊಂದ ಸಹಿ ಮಾಡ್ರಿ. ತಾರೀಕೂ ಹಾಕ್ರಿ.’

ಏನು, ಎತ್ತ ಎಲ್ಲಾ ಕೇಳಿದರು, ಹೇಳಿದೆ. ತಲೆಯಾಡಿಸಿದರು. ಆಮೇಲೆ ಗೋಡೆಯ ಪಂಚಾಂಗದ ಕಡೆ ನೋಡಿದರು.

‘ಅಮಾಸಿ ಹತ್ತೇದ ಯವ್ವಾ. ಈಗ ಕಾಗದಕ್ಕ ಕೈ ಹಚ್ಚಂಗಿಲ್ಲ.’

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಅಜ್ಜನ ಕಾಲದಿಂದ ನಮ್ಮ ಮನೆಯ ವ್ಯಾಪಾರದ ಕಟ್ಟಳೆ. ಅಮಾವಾಸ್ಯೆಯ ದಿನ ಕರಾರು ಇಲ್ಲ, ರುಜು ಇಲ್ಲ. ತೀರಾ ಅನಿವಾರ್ಯ ಅಂದರೆ ಮಾತಿನಲ್ಲಿ ಮುಗಿಸಿ ಮರುದಿನ ಬರೆಯುವುದು. ಅವತ್ತು ಆಷಾಢದ ಅಮಾವಾಸ್ಯೆ, ನಮ್ಮ ಕಡೆ ನಾಗರ ಅಮಾಸಿ ಅನ್ನುತ್ತಾರೆ. ಗುರುವಾರ ಮಧ್ಯಾಹ್ನ ಹತ್ತಿ ಶುಕ್ರವಾರ ಮಧ್ಯಾಹ್ನದವರೆಗೆ ಇತ್ತು.

‘ಯಾವಾಗ ಬಿಡ್ತದರಿ?’

‘ನಾಳಿ ಮಧ್ಯಾಹ್ನ. ಬಿಟ್ಟ ಮ್ಯಾಲ ಮಾಡ್ತೀನಿ, ತಗೊಂಡ ಹೋಗು.’

‘ನಾಳಿ ಮಧ್ಯಾಹ್ನ ಇಲ್ಲಿಂದ ಹೊಂಟ್ರ ಐದಕ್ಕ ಅಲ್ಲಿ ಹೆಂಗ ಮುಟ್ಲಿ? ಆರ ತಾಸಿನ ಹಾದಿ ಅದ! ದೀಪಾವಳಿ ಅಮಾಸಿಗೆ ಲಕ್ಷ್ಮಿ ಪೂಜಿ ಮಾಡಿ ಹೊಸಾ ಲೆಕ್ಕದ ವಹಿ ತೆಗೀತೀರಲ್ಲ, ಅವತ್ತ ದೋಷ ಇಲ್ಲೇನ್ರಿ?’

‘ಅದು ಲಕ್ಷ್ಮಿ ಅಮಾಸಿ. ಇದು ಬರೀ ಅಮಾಸಿ,’ ಅಂದರು ಅಪ್ಪ, ಮಗುವಿಗೆ ಹೇಳುವ ಹಾಗೆ.

ನಾನು ಕಿರುಚಾಡಿದೆ. ನಿಮ್ಮ ಪಂಚಾಂಗದ ಸಲುವಾಗಿ ನನ್ನ ಬಾಳೇವು ಹಾಳಾಗಬೇಕೇನು ಅಂದೆ. ಅವ್ವ ‘ಅಮಾಸಿ ದಿನ ಹಂಗ ಅನಬಾರದು’ ಅಂದಳು. ಅಪ್ಪ ಕಾಲು ತೊಳೆಯಲು ಹೋದರು. ಆಷಾಢದ ಆ ಅಮಾವಾಸ್ಯೆಗೆ ನಾಸಿಕ್‌ನ ಮನೆಗಳಲ್ಲಿ ದೀಪಗಳನ್ನೆಲ್ಲ ತೊಳೆದು ಸಾಲಾಗಿಟ್ಟು ಪೂಜೆ ಮಾಡುತ್ತಾರೆ. ಅಕ್ಕಪಕ್ಕದವರನ್ನು ನೋಡಿ ಅವ್ವನೂ ಕಲಿತಿದ್ದಳು. ಅವಳು ಹಿತ್ತಾಳೆಯ ದೀಪದ ಸಮೆ ಉಜ್ಜುತ್ತಾ ಕೂತಳು, ನಾನು ಊಟ ಬಿಟ್ಟು ಮುಖ ಗೋಡೆಗೆ ಹಾಕಿ ಮಲಗಿದೆ.

ಶುಕ್ರವಾರ ಬೆಳಿಗ್ಗೆ ಆರರ ಬಸ್ಸಿಗೆ ಸಹಿಯಿಲ್ಲದ ಫಾರಂ ಹಿಡಿದು ಹೊರಟೆ. ಯಾಕೆ ಹೊರಟೆನೋ! ಮುಖ್ಯಸ್ಥರ ಕಾಲು ಹಿಡಿಯೋಣ ಅಂತ ಇರಬೇಕು. ಬಸ್ಸಿನ ಡ್ರೈವರ್ ಹತ್ತಿ ಕೂತಿದ್ದಾನೆ, ಕಿಟಕಿಯ ಹೊರಗೆ ಅಪ್ಪ. ಕೊಡೆಯಿಲ್ಲ, ಧೋತರ ಮೊಣಕಾಲವರೆಗೆ ಕೆಸರು.

‘ಕಾಗದ ತಾ ಇಲ್ಲಿ.’

ಕಿಟಕಿಯಿಂದ ಕೊಟ್ಟೆ. ಅವರು ಷೆಡ್ಡಿನ ಕೆಳಗೆ ಹೋಗಿ, ಒಂದು ಕಾಲು ಕಟ್ಟೆಯ ಮೇಲಿಟ್ಟು, ತೊಡೆಯ ಮೇಲೆ ಕಾಗದ ಹರವಿ ಬರೆದರು. ಶಾಯಿಯ ಮೇಲೆ ಊದಿದರು. ನಾಲ್ಕು ಮಡಿಕೆ ಮಾಡಿ ತಂದು ಕೈಗಿಟ್ಟರು. ‘ಹೋಗಿ ಬಾ ಯವ್ವಾ. ಛಲೋ ಆಗ್ತದ,’ ಅಂದರು. ಸಿಟ್ಟು ಇನ್ನೂ ಇಳಿದಿರಲಿಲ್ಲ, ನಾನು ಕಿಟಕಿಯ ಗಾಜು ಎಳೆದು ಮುಚ್ಚಿದೆ. ಬಸ್ಸು ಹೊರಟಿತು. ನಿಫಾಡ್ ದಾಟಿದ ಮೇಲೆ ಒಮ್ಮೆ ಮಡಿಕೆ ಬಿಚ್ಚಿ ನೋಡಿದೆ. ಅಪ್ಪನ ಉರ್ದು ಸಹಿ, ಬಲದಿಂದ ಎಡಕ್ಕೆ, ಅದರ ಕೆಳಗೆ ಇನ್ನೇನೋ ಗೀಚು. ಸಹಿ ಬಿದ್ದಿದೆ, ಸಾಕು ಅಂತ ಮತ್ತೆ ಮಡಚಿ ಬ್ಯಾಗಿನ ತಳಕ್ಕೆ ತುರುಕಿದೆ.

ವೈಜಾಪುರದ ಹತ್ತಿರ ಟೈರು ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಪ್ರಯಾಣಿಕರು ಇಳಿದು ಬೀಡಿ ಹಚ್ಚಿದರು, ಒಬ್ಬಳು ಅಜ್ಜಿ ಭಾಕರಿ ಬಿಚ್ಚಿದಳು, ಕಂಡಕ್ಟರ್ ಲಾರಿಗೆ ಕೈ ಮಾಡುತ್ತಾ ನಿಂತ. ನಾನು ರಸ್ತೆಯಲ್ಲಿ ಆ ಮೈಲಿಗಲ್ಲಿನಿಂದ ಈ ಹುಣಸೆಮರದವರೆಗೆ, ಮರದಿಂದ ಕಲ್ಲಿನವರೆಗೆ. ‘ಬಾಯಿ, ನೀವು ನಡೆದೇ ಹೋಗಿದ್ದರೆ ಇಷ್ಟೊತ್ತಿಗೆ ಮುಟ್ಟುತ್ತಿದ್ದಿರಿ’ ಅಂತ ಕಂಡಕ್ಟರ್ ಮರಾಠಿಯಲ್ಲಿ ಚಾಷ್ಟಿ ಮಾಡಿದ. ಮೂರೂವರೆ ತಾಸು ಹೋಯಿತು. ಔರಂಗಾಬಾದ್ ಸ್ಟ್ಯಾಂಡಿನಲ್ಲಿ ಇಳಿದು, ರಿಕ್ಷಾ ಹಿಡಿದು, ಶೈಕ್ಷಣಿಕ ಶಾಖೆಯ ಕಿಟಕಿಗೆ ಬಂದು ನಿಂತಾಗ ನಾಲ್ಕು ಹೊಡೆದು ಹತ್ತು ನಿಮಿಷ.

ಮುಟ್ಟಿಬಿಟ್ಟೆನಲ್ಲ! ಆ ಸಂತೋಷಕ್ಕೆ ಕಿಟಕಿಯ ಕಬ್ಬಿಣದ ಸರಳಿಗೆ ಹಣೆ ಹಚ್ಚಿ ನಿಂತೆ. ಕಿಟಕಿಯ ಹಿಂದೆ ಇದ್ದವರು ಐವತ್ತು ದಾಟಿದ ಗುಮಾಸ್ತರು. ಫಾರಂ ಬಿಡಿಸಿ, ಒಂದೊಂದೇ ಸಹಿಯ ಮೇಲೆ ಪೆನ್ಸಿಲು ಆಡಿಸಿದರು. ಅಧ್ಯಾಪಕರು, ಸರಿ. ಮುಖ್ಯಸ್ಥರು, ಸರಿ. ಪೆನ್ಸಿಲು ಮೂರನೆಯದರ ಮೇಲೆ ನಿಂತಿತು.

‘ಈ ತಾರೀಖು ನಾಳೆಯದು,’ ಅಂದರು ಹಿಂದಿಯಲ್ಲಿ.

ನಾನು ಬಗ್ಗಿ ನೋಡಿದೆ. ಸಹಿಯ ಕೆಳಗಿನ ಆ ಗೀಚು ಅಂಕಿಗಳು. ಉರ್ದು ಅಂಕಿಗಳು. ಫಾರ್ಸಿ ತರಗತಿಯಲ್ಲಿ ಮೊದಲ ದಿನ, ಮೊದಲ ತಾಸಿನಲ್ಲಿ ಕಲಿತದ್ದು. ಒಂದು ಕ್ಷಣ ನೆಟ್ಟಗೆ ನೋಡಿದ್ದರೆ ನಿಫಾಡಿನಲ್ಲೇ ಓದಬಹುದಿತ್ತು, ನೋಡಲಿಲ್ಲ. ಗುಮಾಸ್ತರು ಇದೇ ಊರಲ್ಲಿ ನಿಜಾಮನ ಕಾಲದಲ್ಲಿ ಶಾಲೆ ಕಲಿತವರು, ಅಪ್ಪನ ಹಾಗೆಯೇ, ಅವರಿಗೆ ಕಣ್ಣಿಗೆ ಬಿದ್ದ ಕೂಡಲೇ ತಿಳಿಯಿತು. ಬೇರೆ ಯಾರಾದರೂ ಆ ಕಿಟಕಿಯಲ್ಲಿದ್ದಿದ್ದರೆ ಸಹಿಯ ಬಾಲ ಅಂದುಕೊಂಡು ಠಸ್ಸೆ ಹೊಡೆಯುತ್ತಿದ್ದರು. ನನ್ನ ನಸೀಬು.

ಶನಿವಾರದ ತಾರೀಖು. ಶ್ರಾವಣ ಶುದ್ಧ ಪಾಡ್ಯ. ಅಪ್ಪ ನನಗಾಗಿ ಒಳ್ಳೆಯ ದಿನ ಬರೆದಿದ್ದರು.

‘ನಾಳೆ ಹಾಕುವ ಸಹಿ ಇವತ್ತು ಇಲ್ಲ. ನಾಳೆ ಇದನ್ನು ತಂದರೆ ಅವಧಿ ಇಲ್ಲ,’ ಅಂದರು ಗುಮಾಸ್ತರು. ಅವರು ಒರಟಾಗಿ ಹೇಳಲಿಲ್ಲ, ಅದೇ ಇನ್ನೂ ಉರಿಸಿತು.

‘ನನ್ನ ಕಣ್ಣೆದುರು ಹಾಕಿದ ಸಹಿ ಇದು. ಇವತ್ತು ಬೆಳಿಗ್ಗೆ!’

‘ಕಾಗದ ಹಾಗೆ ಹೇಳುವುದಿಲ್ಲವಲ್ಲಮ್ಮ.’

‘ನಾನೇ ತಿದ್ದುತ್ತೇನೆ, ಪೆನ್ನು ಕೊಡಿ.’ ಸರಳಿನ ಒಳಗೆ ಕೈ ಹಾಕಿಯೇಬಿಟ್ಟೆ. ಅವರು ಫಾರಂ ಹಿಂದಕ್ಕೆ ಎಳೆದುಕೊಂಡರು. ತಿದ್ದಿದರೆ ತಿದ್ದಿದ ಜಾಗದಲ್ಲಿ ಪಾಲಕರದೇ ರುಜು ಬೇಕು ಅಂದರು. ಟ್ರಂಕ್ ಕಾಲ್ ಮಾಡಿಸುತ್ತೇನೆ ಅಂದೆ. ಫೋನಿನಲ್ಲಿ ಸಹಿ ಬರುವುದಿಲ್ಲ. ತಂತಿ ಕಳಿಸಲು ಹೇಳುತ್ತೇನೆ ಅಂದೆ; ತಂತಿಯೂ ಸಹಿಯಲ್ಲ, ಅದೂ ಐದರೊಳಗೆ ಬರುವುದಿಲ್ಲ. ಮುಖ್ಯಸ್ಥರ ಕೋಣೆಗೆ ಓಡಿದೆ. ಅವರು ‘ನನ್ನ ಅಭ್ಯಂತರವಿಲ್ಲ’ ಅಂತ ಒಂದು ಚೀಟಿ ಬರೆದುಕೊಟ್ಟರು. ಓಡಿ ಬಂದು ಕೊಟ್ಟೆ. ಗುಮಾಸ್ತರು ಚೀಟಿಯನ್ನು ಓದಿ, ಫಾರಂಗೆ ಗುಂಡುಪಿನ್ನು ಚುಚ್ಚಿ, ಅಭ್ಯಂತರ ಇರುವುದು ಅವರದಲ್ಲ, ನಿಯಮದ್ದು ಅಂದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಗಡಿಯಾರ ಐದು ಹೊಡೆಯಿತು. ಅವರು ರಿಜಿಸ್ಟರಿನಲ್ಲಿ ಕೊನೆಯ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದರು. ಪಟ್ಟಿಯ ಮೇಲ್ಭಾಗದಲ್ಲಿ ಆ ಹುಡುಗನ ಹೆಸರು ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಲ್ಲೇ ವರಾಂಡದ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಅಂಚೆಪೆಟ್ಟಿಗೆಯ ಪಕ್ಕ ನಿಂತೇ ಅಪ್ಪನಿಗೆ ಒಂದು ಇನ್‌ಲ್ಯಾಂಡ್ ಬರೆದೆ, ಮರಾಠಿಯಲ್ಲಿ, ಅಂಗಡಿಯ ಲೆಕ್ಕ ಬರೆಯುವ ಮುನೀಮರು ಓದಿ ಹೇಳುತ್ತಾರೆ ಅಂತ ಗೊತ್ತಿದ್ದೂ. ನಿಮ್ಮ ಅಮಾವಾಸ್ಯೆ ನನ್ನ ಓದನ್ನು ನುಂಗಿತು. ಸಹಿ ಹಾಕದೇ ಇದ್ದಿದ್ದರೆ ಚೆನ್ನಾಗಿತ್ತು, ಆಸೆಯಾದರೂ ಇರುತ್ತಿರಲಿಲ್ಲ. ಬೇಳೆ ಮಾರುವವರಿಗೆ ಓದಿನ ಬೆಲೆ ಏನು ಗೊತ್ತು. ಹೀಗೆಲ್ಲ ಬರೆದೆ. ಪೆಟ್ಟಿಗೆಯೊಳಗೆ ಹಾಕಿದ ಮೇಲೆ ಅದರ ಬಾಯಿಗೆ ಬೆರಳು ಹಾಕಿ ತಡಕಿದೆ, ಸಿಗಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ?

ಮರುದಿನ ಮೇಷ್ಟ್ರಿಗೆ ಹೇಳಿದರೆ ಅವರು ನಕ್ಕರು. ನಾನು ಮುಖ ಕೆಂಪು ಮಾಡಿದ್ದು ನೋಡಿ ನಗು ನುಂಗಿದರು. ‘ಇನ್ನು ಬೇರೆ ದಾರಿ ಇಲ್ಲ ಬೇಟಿ, ಓದಲೇಬೇಕು. ತರಗತಿಗೆ ಅರ್ಧ ತಾಸು ಮೊದಲು ಬಾ.’

ಹತ್ತು ದಿನಕ್ಕೆ ಅಪ್ಪನ ಕಾರ್ಡು ಬಂತು. ಅವ್ವನ ಅಕ್ಷರವಲ್ಲ, ಮುನೀಮರದೂ ಅಲ್ಲ. ಕಾರ್ಡಿನ ತುಂಬ ಉರ್ದು ಲಿಪಿ. ಅಪ್ಪ ನನಗೆ ತಮ್ಮ ಕೈಯಿಂದ ಬರೆದ ಮೊದಲ ಕಾಗದ ಅದು. ನನಗೆ ಓದಲು ಬರಲಿಲ್ಲ. ಮೇಷ್ಟ್ರಿಗೆ ತೋರಿಸಿದರೆ ಒಂದು ನಿಮಿಷದ ಕೆಲಸ. ಆದರೆ ಒಳಗೆ ಬೈಗುಳವೇ ಇರುವುದು ಅಂತ ನನಗೆ ಖಾತ್ರಿ ಇತ್ತು, ಪರರ ಬಾಯಿಂದ ಕೇಳಿಸಿಕೊಳ್ಳಲು ನಾಚಿಕೆ. ಪುಸ್ತಕದಲ್ಲಿ ಸಿಕ್ಕಿಸಿ ಇಟ್ಟೆ. ನಾಲ್ಕು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದೆ. ಫಾರ್ಸಿಯ, ಉರ್ದುವಿನ ಶಬ್ದ ಅಲ್ಲೊಂದು ಇಲ್ಲೊಂದು ಸಿಕ್ಕರೂ ಸಾಲು ಕೂಡುತ್ತಿರಲಿಲ್ಲ. ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಲೈಬ್ರರಿಯಲ್ಲಿ, ಮೊದಲ ಶಬ್ದವನ್ನು ಬಾಯಿ ಆಡಿಸುತ್ತಾ ಓದಿದೆ: ‘ಮಗಳ.’ ಲಿಪಿ ಉರ್ದು, ಮಾತು ಕನ್ನಡ. ನಮ್ಮ ಬೀದರಿನ ಕನ್ನಡ!

ಅಲ್ಲಿಂದ ಹುಚ್ಚು ಹಿಡಿದ ಹಾಗಾಯಿತು. ಮೇಷ್ಟ್ರ ಅರ್ಧ ತಾಸು ಒಂದು ತಾಸಾಯಿತು. ಸನದು ಓದುವುದು ಕಲಿತದ್ದೆಲ್ಲ ಆ ಕಾರ್ಡಿನ ಮೇಲೆ ಪ್ರಯೋಗ. ದಸರೆಯ ಹೊತ್ತಿಗೆ ಪೂರ್ತಿ ಓದಿದೆ.

‘ಮಗಳ, ನಿನ್ನ ಕಾಗದ ಮುಟ್ಟಿತು. ಮುನೀಮನ ಕೈಲಿ ಜವಾಬ ಬರಸಲಿಕ್ಕ ಮನಸ ಆಗಲಿಲ್ಲ. ನೀ ಈ ಲಿಪಿ ಕಲೀತಿ ಅಂತ ಇದರಾಗ ಬರದೀನಿ. ನನ್ನ ಉಮರಿನಾಗ ಅಮಾಸಿ ದಿನ ಒಂದಽ ಸಹಿ ಮಾಡೀನಿ, ಅದು ನಿನ್ನ ಸಲುವಾಗಿ. ಮಾಡಿದ ಮ್ಯಾಲ ಅಂಜಿಕಿ ಬಂತು, ಅಮಾಸಿ ನಿನ್ನ ವಿದ್ಯಾಕ್ಕ ತಟ್ಟಬಾರದಂತ ಪಾಡ್ಯದ ತಾರೀಕ ಹಾಕಿದೆ. ತಪ್ಪು ನಂದು. ಊಟ ಬಿಟ್ಟು ಮಲಗಬ್ಯಾಡ.’

ಅಷ್ಟೇ. ಲೈಬ್ರರಿಯಲ್ಲಿ ಎಲ್ಲರೂ ನೋಡುವ ಹಾಗೆ ಅತ್ತೆ. ಬೇಳೆ ಮಾರುವವರು ಅಂತ ಬರೆದ ಕೈಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ದೀಪಾವಳಿಗೆ ಮನೆಗೆ ಹೋದಾಗ ಅಪ್ಪ ಅಂಗಡಿಯಲ್ಲಿ ಕೂತಿದ್ದರು. ಗಿರಾಕಿಗಳು ಹೋದ ಮೇಲೆ, ಬೇಳೆಯ ಚೀಲದ ಬಾಯಿ ಕಟ್ಟುತ್ತಾ ಕೇಳಿದರು.

‘ಕಾರ್ಡ ಯಾರ ಕಡಿಂದ ಓದಿಸಿದಿ?’

‘ಯಾರ ಕಡಿಂದನೂ ಇಲ್ಲರಿ. ನಾನಽ ಓದಿದೆ.’

ಅಪ್ಪ ತಲೆಯೆತ್ತಲಿಲ್ಲ. ಕಟ್ಟಿದ್ದ ಗಂಟನ್ನೇ ಬಿಚ್ಚಿ ಇನ್ನೊಮ್ಮೆ ಕಟ್ಟಿದರು. ಕ್ಷಮಿಸ್ರಿ ಅನ್ನಬೇಕು ಅಂತ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಅದನ್ನು ಬಿಟ್ಟು ಇನ್ನೊಂದು ಚೀಲದ ಬಾಯಿ ಕಟ್ಟಲು ಕೂತೆ.

ಸೆಮಿಸ್ಟರಿನ ಕೊನೆಗೆ ಫಾರ್ಸಿಯಲ್ಲಿ ನನಗೆ ‘ಬಿ’ ಬಂತು. ಮೇಷ್ಟ್ರು ಖುಷಿಪಟ್ಟರು, ಒಂಬತ್ತರಿಂದ ಇಲ್ಲಿಗೆ ಬಂದವರನ್ನು ನೋಡಿಲ್ಲ ಅಂದರು. ಆದರೆ ಬಿ ಬಿಯೇ, ಸರಾಸರಿಗೆ ಸೇರಿತು. ಆ ಹುಡುಗನಿಗೆ ಬರೀ ‘ಪಾಸ್’, ನಲವತ್ತರ ಅಂಚಿನಲ್ಲಿ, ಅದು ಸರಾಸರಿಯ ಹತ್ತಿರವೂ ಸುಳಿಯಲಿಲ್ಲ. ಕೊನೆಯಲ್ಲಿ ಅವನು ಮೇಲೆ, ಕೂದಲೆಳೆಯಷ್ಟು, ನಾನು ಕೆಳಗೆ. ಸ್ಥಾನ ಅವನಿಗೆ ಹೋಯಿತು. ಮುಂದೆ ಆರೇಳು ವರ್ಷ ಅವನು ಹಳೆಯ ಕಾಗದಗಳ ಫೋಟೋ ಹಿಡಿದು ನಾಸಿಕ್‌ಗೆ ಬರುತ್ತಿದ್ದ, ನನ್ನಿಂದ ಓದಿಸಿಕೊಂಡು ಹೋಗಲು. ಓದಿಕೊಡುತ್ತಿದ್ದೆ. ಹೊಟ್ಟೆ ಉರಿಯುತ್ತಿರಲಿಲ್ಲ ಅಂದರೆ ಸುಳ್ಳು. ಬಂದಾಗಲೆಲ್ಲ ಬೇಕಂತಲೇ ಸಕ್ಕರೆ ಕಡಿಮೆ ಹಾಕಿ ಚಹಾ ಕೊಡುತ್ತಿದ್ದೆ.

ಮುಂದಿನ ಜೂನ್. ಕನ್ಯಾಶಾಲೆಗೆ ನಾನು ಹಾಜರಾಗುವ ದಿನ. ಮನೆಯಲ್ಲಿ ಅವ್ವ ಮಣ್ಣಿನ ಎತ್ತು ಮಾಡಿ ಜಗಲಿಯ ಮೇಲಿಟ್ಟಿದ್ದಳು, ನಮ್ಮ ಕಡೆಯ ಮಣ್ಣೆತ್ತಿನ ಅಮಾಸಿ. ಆದೇಶದಲ್ಲಿದ್ದದ್ದು ಅದೇ ದಿನ. ಒಂದು ದಿನ ತಡವಾದರೂ ನಡೆಯುತ್ತದೆ ಅಂತ ಮುಖ್ಯಾಧ್ಯಾಪಕಿ ಬಾಯಿಯವರು ಹೇಳಿ ಕಳಿಸಿದ್ದರು. ನಾಳೆಯೇ ಹೋಗೋಣ ಅಂತ ನಾನು ಅಂದರೆ ಅಪ್ಪ ಆಗಲೇ ಟೋಪಿ ಹಾಕಿ ಬಾಗಿಲಲ್ಲಿ ನಿಂತಿದ್ದರು.

ಶಾಲೆಯ ಕೋಣೆಯಲ್ಲಿ ಹಾಜರಿ ಪತ್ರ ಮುಂದೆ ಬಂತು. ಹೆಸರು ಬರೆದೆ, ಸಹಿ ಮಾಡಿದೆ. ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅಪ್ಪನ ಮುಖ ನೋಡಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು, ಅಲ್ಲಿ ಪಂಚಾಂಗವೇನೂ ಇರಲಿಲ್ಲ.

‘ಇವತ್ತಿಂದಽ ಹಾಕು ಯವ್ವಾ,’ ಅಂದರು. ‘ಖರೇ ತಾರೀಕ ಹಾಕು.’